ಪಹಣಿಯ 2.14 ಎಂದರೆ 2.14 ಎಕರೆ ಅಲ್ಲ: ಇಂಗ್ಲಿಷ್ ಫಾರಂ ತುಂಬಿಸುವ ನನ್ನ ಅನುಭವ

ಕ್ರಯಪತ್ರ, ಪಹಣಿ, ಖಾತೆ ಕಾಗದಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಬರುವವರು ಹೆಚ್ಚಾಗಿ ಮಕ್ಕಳನ್ನು ಓದಲು ಹೊರದೇಶಕ್ಕೆ ಕಳಿಸುವ ಅಪ್ಪ ಅಮ್ಮ. ಸಾಲಕ್ಕೋ ವೀಸಾಕ್ಕೋ ಆಸ್ತಿಯ ವಿವರ ಬೇಕಾಗಿರುತ್ತದೆ. ಈ ಕಸುಬಿನಲ್ಲಿರುವವರಿಗೆ ಗೊತ್ತು, ಕಾಗದ ವಾಪಸ್ ಬರುವುದು ಭಾಷೆಯ ತಪ್ಪಿಗಲ್ಲ. ಅಂಕಿ ತಾಳೆಯಾಗದೆ ಬರುತ್ತದೆ.

ನಾನು ಈಗ ಮಾಡುವುದು ಇಷ್ಟೇ. ಅನುವಾದದಲ್ಲಿ ಮೂಲದ ಅಂಕಿ ಮೂಲದಲ್ಲಿದ್ದಂತೆಯೇ ಇರುತ್ತದೆ. ಬದಲಿಸಿದ ಅಂಕಿ ಫಾರಂನಲ್ಲಿ ಮಾತ್ರ. ಇವೆರಡರ ನಡುವೆ ಒಂದು ಪುಟದ ಲೆಕ್ಕದ ಹಾಳೆ. ಜೊತೆಯ ಅನುವಾದಕರು "ಅಷ್ಟೆಲ್ಲ ಯಾರು ಓದ್ತಾರೆ, ಹಾಳೆ ಜಾಸ್ತಿಯಾದ್ರೆ ಪ್ರಶ್ನೆನೂ ಜಾಸ್ತಿ" ಅಂದರು. ಆದದ್ದು ಉಲ್ಟಾ. ಹಾಳೆ ಸೇರಿಸಿದ ಮೇಲೆ ಪ್ರಶ್ನೆಗಳೇ ನಿಂತವು. ಈಗ ಅದೇ ಜನ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಅದಕ್ಕೂ ಮುಂಚೆ ಎಲ್ಲರೂ ಮಾಡುವಂತೆ ಅನುವಾದದಲ್ಲೇ ಹೆಕ್ಟೇರ್ ಹಾಕಿ ಕೊಡುತ್ತಿದ್ದೆ. ಅದು ನಡೆಯಲಿಲ್ಲ. ಅಧಿಕಾರಿ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ. ಅಲ್ಲಿಲ್ಲದ ಅಂಕಿ ಇಲ್ಲಿದ್ದರೆ ಸಹಿ ಮಾಡಲು ಯಾರಿಗೂ ಧೈರ್ಯ ಬರುವುದಿಲ್ಲ. ಗಿರಾಕಿಗೆ ಮತ್ತೆ ನೋಟರಿ ಖರ್ಚು, ಮತ್ತೆ ಬಸ್ ಚಾರ್ಜು, ಒಂದು ವಾರ ದಂಡ.

ಒಂದು ಕೇಸು ಹೇಳುತ್ತೇನೆ. ಗುಬ್ಬಿ ತಾಲ್ಲೂಕಿನ ಒಂದು ಕುಟುಂಬ. ಪಹಣಿಯಲ್ಲಿ ಮಾಲೀಕರ ಹೆಸರಿನ ಎದುರು 2.14 ಅಂತ ಇತ್ತು. ಬೇರೆ ಕಡೆ ಮಾಡಿಸಿದ್ದ ಆಸ್ತಿ ಪಟ್ಟಿಯಲ್ಲಿ ಅದು 2.14 ಎಕರೆ ಆಗಿತ್ತು. ಅಲ್ಲಿರುವುದು ದಶಮಾಂಶದ ಚುಕ್ಕೆ ಅಲ್ಲ, ಎರಡು ಎಕರೆ ಹದಿನಾಲ್ಕು ಗುಂಟೆ. ಎಕರೆಗೆ 40 ಗುಂಟೆ. ಒಟ್ಟು 94 ಗುಂಟೆ, ಅಂದರೆ 2.35 ಎಕರೆ, ಹೆಕ್ಟೇರಿನಲ್ಲಿ ಸುಮಾರು 0.95. ಎಕರೆಗೆ ಮೂವತ್ತು ಲಕ್ಷದಂತೆ ಬೆಲೆ ಕಟ್ಟಿದ್ದರು. ಸರಿಯಾದ ಲೆಕ್ಕಕ್ಕೆ 70,50,000 ಆಗಬೇಕು. ಅವರ ಪಟ್ಟಿಯಲ್ಲಿದ್ದದ್ದು 64,20,000. ಒಂದು ಚುಕ್ಕೆಯಿಂದ ಆರು ಲಕ್ಷದ ಮೂವತ್ತು ಸಾವಿರ ಕಡಿಮೆ.

ತಪ್ಪನ್ನು ಕಂಡುಹಿಡಿಯುವುದು ಸುಲಭ. ಪಟ್ಟಿಯ ಜಮೀನುಗಳನ್ನೆಲ್ಲ ಒಮ್ಮೆ ನೋಡಿ. ಚುಕ್ಕೆಯ ನಂತರದ ಅಂಕಿ ಒಂದರಲ್ಲೂ 39 ದಾಟದಿದ್ದರೆ ಅವು ಬಹುಮಟ್ಟಿಗೆ ಗುಂಟೆಗಳೇ. ಗುಂಟೆಯ ಮುಂದೆ ಆಣೆಯೂ ಇರಬಹುದು, ಗುಂಟೆಗೆ 16 ಆಣೆ. ಸಾಗುವಳಿಗೆ ಬಾರದ ಖರಾಬು ಕಳೆದಿದೆಯೋ ಇಲ್ಲವೋ ಅದನ್ನೂ ನೋಡಿಕೊಳ್ಳಿ.

ಹಳೆಯ ಕ್ರಯಪತ್ರದ ದುಡ್ಡಿನಲ್ಲೂ ಇದೇ ಗುಂಡಿ. ಅದೇ ಮನೆಯ ಹಳೆಯ ಪತ್ರದಲ್ಲಿ ರೂ. 1250-12-0 ಅಂತ ಇತ್ತು. 1957ರ ಏಪ್ರಿಲ್ 1ಕ್ಕೆ ನೂರು ಪೈಸೆಯ ಲೆಕ್ಕ ಬರುವ ತನಕ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹಾಗಾಗಿ ಅದು 1250.12 ಅಲ್ಲ, 1250.75. ಇದನ್ನು ಡಾಲರಿಗೆ ತಿರುಗಿಸಿ ಕೊಡಿ ಅಂತ ಏಜೆಂಟರು ಪೀಡಿಸುತ್ತಾರೆ. ನಾನು ಮಾಡುವುದಿಲ್ಲ. ಅಂದಿನ ಬೆಲೆ ಅಂದಿನದು. ಡಾಲರಿಗೆ ಹೋಗುವುದು ಇವತ್ತಿನ ಮೌಲ್ಯ ಮಾತ್ರ, ಅದೂ ಯಾವ ದಿನದ ದರ ಎಂದು ಬರೆದು. ಆ ವಾರ ಡಾಲರಿಗೆ ಸುಮಾರು 84 ರೂಪಾಯಿ ಇತ್ತು. ಎಪ್ಪತ್ತೂವರೆ ಲಕ್ಷ ಸುಮಾರು 83,900 ಡಾಲರ್ ಆಯಿತು.

ಲಕ್ಷದ ಅಲ್ಪವಿರಾಮವೂ ಹೊರಗಿನವರ ಕಣ್ಣಿಗೆ ಒಗ್ಗುವುದಿಲ್ಲ. 70,50,000 ಕಂಡರೆ ಒಂದು ಸೊನ್ನೆ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ. ಅನುವಾದದಲ್ಲಿ ಹಾಗೇ ಬಿಡುತ್ತೇನೆ, ಫಾರಂನಲ್ಲಿ 7,050,000. ಲೆಕ್ಕದ ಹಾಳೆಯಲ್ಲಿ ಎರಡೂ ಅಕ್ಕಪಕ್ಕ. ಎಕ್ಸೆಲ್‌ನಲ್ಲಿ ಲಕ್ಷ ಕೋಟಿಯಂತೆ ತೋರಿಸಲು ಇದನ್ನು ಹಾಕಿಕೊಂಡಿದ್ದೇನೆ:

```
[>=10000000]##\,##\,##\,##0;[>=100000]##\,##\,##0;##,##0
```

ತಾರೀಖಿಗೆ ಬರೋಣ. 05-06-2019 ನಮಗೆ ಜೂನ್ ಐದು. ಅಮೆರಿಕದ ಫಾರಂ ಕೇಳುವುದು `MM/DD/YYYY`, ಅಲ್ಲಿ 06/05/2019 ಆಗಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ ಎಕ್ಸೆಲ್ ಇದನ್ನು ಸದ್ದಿಲ್ಲದೆ ಮೇ ಆರು ಮಾಡಿಬಿಡುತ್ತದೆ. 25-06-2019 ಅನ್ನು ಮಾತ್ರ ಮುಟ್ಟದೆ ಅಕ್ಷರವೆಂದು ಬಿಡುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ನಾನು ಕಾಲಂ ಅನ್ನು ಮೊದಲೇ `Text` ಮಾಡಿ, `05-JUN-2019` ಎಂದೇ ಬರೆಯುತ್ತೇನೆ.

ಕನ್ನಡ ಅಂಕಿಗಳಲ್ಲಿ ಟೈಪಾದ ಕಾಗದ ಬಂದರೆ ಇನ್ನೊಂದು ತೊಂದರೆ. ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ಗೆ ಕೊಟ್ಟರೆ ಸಿಕ್ಕಿಬೀಳುತ್ತದೆ:

```
int("೨೦೧೯")   # 2019
int("೨ಂ೧೯")   # ValueError
```

ಶಕ ವರ್ಷವಿರುವ ಪತ್ರ ಆಗಾಗ ಬರುತ್ತದೆ. 78 ಕೂಡಿಸಿದರೆ ಆಯಿತು ಅಂತ ಬಹಳ ಜನ ಬಿಡುತ್ತಾರೆ. ಯುಗಾದಿಯಿಂದ ಡಿಸೆಂಬರ್ ತನಕ ಅದು ಸರಿ. ಜನವರಿಯಿಂದ ಮುಂದಿನ ಯುಗಾದಿ ತನಕ 79 ಕೂಡಿಸಬೇಕು. ಶಕ 1871, ವಿರೋಧಿ ಸಂವತ್ಸರದ ಮಾಘ ಮಾಸ ಎಂದರೆ 1950, 1949 ಅಲ್ಲ. ಪತ್ರದಲ್ಲಿ ವಾರವೂ ಇರುತ್ತದೆ, ಅಲ್ವಾ? ತಿಥಿಯಿಂದ ಬಂದ ತಾರೀಖಿನ ವಾರ ಅದಕ್ಕೆ ಹೊಂದದಿದ್ದರೆ ನಾನು ಕಾಗದ ಮುಂದಕ್ಕೆ ಕಳಿಸುವುದಿಲ್ಲ.

ಹಾಗೇ ಕುತೂಹಲಕ್ಕೆ ಖಂಡುಗ, ಕೊಳಗದ ಜಮೀನನ್ನೂ ಎಕರೆಗೆ ತರಲು ನೋಡಿದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಅಷ್ಟು ಬೀಜ ಹಿಡಿಯುವ ನೆಲ. ನಮ್ಮ ಸುತ್ತಮುತ್ತಲಿನ ಹಳೆಯ ಪತ್ರಗಳನ್ನೂ ಇಂದಿನ ಪಹಣಿಗಳನ್ನೂ ಜೋಡಿಸಿ ಕೂತೆ. ಗದ್ದೆಗೊಂದು, ಹೊಲಕ್ಕೊಂದು, ಪಕ್ಕದ ಊರಿಗೆ ಇನ್ನೊಂದು ಉತ್ತರ ಬಂತು. ಈಗ ಖಂಡುಗವನ್ನು ಖಂಡುಗ ಎಂದೇ ಬರೆದು, ಅದೇ ಸರ್ವೆ ನಂಬರಿನ ಪಹಣಿ ವಿಸ್ತೀರ್ಣವನ್ನು ಹಾಳೆಯಲ್ಲಿ ಕೊಡುತ್ತೇನೆ.

ವಿಳಾಸ ಕೊನೆಗೆ ಉಳಿಯುತ್ತದೆ, ಹೊತ್ತು ತಿನ್ನುವುದೂ ಅದೇ. ಕ್ರಯಪತ್ರ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ: ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು, ಕಡಬ ಹೋಬಳಿ, ಇಂಥ ಗ್ರಾಮ. ಫಾರಂ ಕೆಳಗಿನಿಂದ ಮೇಲಕ್ಕೆ ಕೇಳುತ್ತದೆ, ಮೇಲಾಗಿ ಬೀದಿಯ ಹೆಸರು ಕಡ್ಡಾಯ ಅನ್ನುತ್ತದೆ. ಹಳ್ಳಿಯಲ್ಲಿ ಎಲ್ಲಿಯ ಬೀದಿ? ಮೊದಲ ಸಾಲಿಗೆ ಮನೆ ನಂಬರು ಮತ್ತು ಗ್ರಾಮ, ಎರಡನೆಯದಕ್ಕೆ ಅಂಚೆ ಮತ್ತು ಹೋಬಳಿ, `City` ಎಂಬಲ್ಲಿ ತಾಲ್ಲೂಕು ಹಾಕುತ್ತೇನೆ. ಪಿನ್ ಕೋಡ್ ಅಂಚೆ ಕಚೇರಿಯದು, ತಾಲ್ಲೂಕಿನದಲ್ಲ. ತಾಲ್ಲೂಕಿನ ಹೆಸರು ನೋಡಿ ಪಿನ್ ಹಾಕಿದರೆ ಪತ್ರ ಬೇರೆ ಕಡೆ ಹೋಗುತ್ತದೆ. ಸಾಲಿಗೆ ಇಷ್ಟೇ ಅಕ್ಷರ ಎಂಬ ಮಿತಿಯಲ್ಲಿ ಇದನ್ನೆಲ್ಲ ಹಿಡಿಸಲು ನನ್ನದೇ ಒಂದು ಪಟ್ಟಿ ಇದೆ. ಅದು ನನ್ನ ಹತ್ತಿರವೇ ಇರಲಿ.

2014ರ ನವೆಂಬರ್ 1ರಿಂದ `Tumkur` ಇಂಗ್ಲಿಷಿನಲ್ಲೂ `Tumakuru` ಆಗಿದೆ. ಪಾಸ್‌ಪೋರ್ಟ್ ಹಳೆಯದಿದ್ದರೆ ಅದರಲ್ಲಿರುವ ಕಾಗುಣಿತವನ್ನೇ ಫಾರಂಗೆ ಹಾಕಿ, ಎರಡೂ ಒಂದೇ ಊರು ಎಂದು ಹಾಳೆಯಲ್ಲಿ ಒಂದು ಸಾಲು ಸೇರಿಸುತ್ತೇನೆ.

ಅನುವಾದಕ್ಕೆ ಪುಟಕ್ಕೆ ಮುನ್ನೂರರ ಆಸುಪಾಸು ತಗೊಳ್ಳುತ್ತೇನೆ. ಲೆಕ್ಕದ ಹಾಳೆಗೆ ಬೇರೆಯಾಗಿ ಐನೂರು. ಗುಬ್ಬಿಯವರು ಮೊದಲು ಐನೂರಕ್ಕೆ ಚೌಕಾಸಿ ಮಾಡಿದರು. 2.14ರ ಲೆಕ್ಕ ತೋರಿಸಿದ ಮೇಲೆ ಎಣಿಸಿ ಕೊಟ್ಟು, ತಮ್ಮನ ಮಗಳ ಕಾಗದವನ್ನೂ ತಂದುಕೊಟ್ಟರು.