ಮಗುವಿನ ಸರ್‌ನೇಮ್ ಬದಲಾವಣೆ: ವಾಪಸ್ ಬಂದ ಅರ್ಜಿ ಸರಿಯಾದದ್ದು ಹೀಗೆ

ಮಗು ತಾಯಿಯ ಬಳಿಯಿದೆ, ಕಸ್ಟಡಿ ಆದೇಶವೂ ಇದೆ. ಆದರೂ ತಾಯಿ ಹಾಕಿದ ಸರ್‌ನೇಮ್ ಬದಲಾವಣೆಯ ಅರ್ಜಿ ವಾಪಸ್ ಬಂತು. ಮಗು ಯಾರ ಬಳಿ ಇರಬೇಕು ಎಂದು ಹೇಳುವ ಆದೇಶ, ಹೆಸರು ಬದಲಿಸುವ ಅಧಿಕಾರವನ್ನೂ ಕೊಡುತ್ತದೆ ಎಂದುಕೊಳ್ಳುವುದೇ ಇಲ್ಲಿನ ಸಾಮಾನ್ಯ ತಪ್ಪು. ತಂದೆಯ ಲಿಖಿತ ಒಪ್ಪಿಗೆ ಬೇಕಿತ್ತು.

ಅವರು ಸಿಗದಿದ್ದರೆ, ಗೊತ್ತಿರುವ ಕೊನೆಯ ವಿಳಾಸಕ್ಕೆ ನೋಟಿಸ್ ಕಳಿಸಿ, ಹಿಂದಿರುಗಿದ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ. ಹುಡುಕಿದ್ದಕ್ಕೆ ಅದೇ ಪುರಾವೆ. ನಂತರ ಒಪ್ಪಿಗೆಯಿಲ್ಲದೆಯೇ ಅನುಮತಿ ಕೊಡಿ ಎಂದು ಕೋರ್ಟನ್ನು ಕೇಳಬೇಕು. ತಂದೆಯ ಮೇಲಿನ ದೂರುಗಳನ್ನು ತುಂಬಿದರೆ ಅರ್ಜಿ ದುರ್ಬಲವಾಗುತ್ತದೆ; ಶಾಲೆಯಲ್ಲಿ ಮಗು ಯಾವ ಹೆಸರಲ್ಲಿದೆ, ಅದಕ್ಕೇನು ಇಷ್ಟ ಎಂಬುದನ್ನು ಬರೆಯಿರಿ.

ಹೆಸರು ಬದಲಾವಣೆಗೆ ಕೋರ್ಟ್ ಕೊಡುವ ಆದೇಶದಲ್ಲಿ ಹಳೆಯ ಹೆಸರು, ಹೊಸ ಹೆಸರು, ಜನ್ಮದಿನಾಂಕ ಮೂರೂ ಅಕ್ಷರಶಃ ಇರಲಿ. ಒಂದು ಅಕ್ಷರ ತಪ್ಪಿದರೂ ತಿದ್ದುಪಡಿಗೆ ಮತ್ತೆ ಕೋರ್ಟಿಗೇ ಹೋಗಬೇಕು. ದೃಢೀಕೃತ ಪ್ರತಿ 3–4 ತೆಗೆದುಕೊಳ್ಳಿ. ಮೊದಲು ಜನನ ದಾಖಲೆಯಲ್ಲಿ ಹೆಸರು ಬದಲಿಸಿಕೊಳ್ಳಿ, ಆಮೇಲೆ ಪಾಸ್‌ಪೋರ್ಟ್, ಶಾಲೆಯಲ್ಲಿ.

ಅಂದಹಾಗೆ, ಮಲತಂದೆಯ ಸರ್‌ನೇಮ್ ಇಟ್ಟ ಮಾತ್ರಕ್ಕೆ ಅವರು ಕಾನೂನಿನ ತಂದೆಯಾಗುವುದಿಲ್ಲ. ಅದಕ್ಕೆ ದತ್ತು ಪ್ರಕ್ರಿಯೆಯೇ ಆಗಬೇಕು. ದತ್ತು ಅರ್ಜಿಯಲ್ಲೇ ಹೊಸ ಹೆಸರನ್ನೂ ಕೇಳಿಕೊಂಡರೆ ಎರಡನೇ ಅರ್ಜಿ ತಪ್ಪಬಹುದು.