ಮಂಚದ ಕಾಲಿಗೆ ಆರಿಂಚು ಕೊಟ್ಟ ಮೇಲೆ ಗಂಟಲು ಬಿಟ್ಟಿತು: ನನ್ನ ಅನುಭವ

ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರು. ಬೆಳಿಗ್ಗೆ ಎಂಟಕ್ಕೆ ಕಣದಲ್ಲಿ ನಿಂತು ನಲವತ್ತು ಚಿಲ್ಲರೆ ಹೆಸರು ಕೂಗಬೇಕು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಕೂಗುವ ಕೆಲಸಕ್ಕೇ ಸಂಚಕಾರ ಬಂತು. ನಾಲ್ಕು ಹೆಸರು ಕೂಗುವಷ್ಟರಲ್ಲಿ ದನಿ ಒಡೆಯುತ್ತಿತ್ತು. ಕ್ಯಾಕರಿಸಿ ಸರಿಮಾಡಿಕೊಳ್ಳಬೇಕು, ಮತ್ತೆ ನಾಲ್ಕು ಹೆಸರು. ಗಂಟಲಲ್ಲಿ ಏನೋ ಅಂಟಿಕೊಂಡ ಹಾಗೆ ಇರುತ್ತದೆ, ಉಗುಳಿದರೆ ಏನೂ ಇಲ್ಲ. ಹತ್ತು ಗಂಟೆ ಹೊತ್ತಿಗೆ ತಾನಾಗೇ ಸರಿಹೋಗುತ್ತಿತ್ತು. "ರೈಟ್ರೇ, ಇವತ್ತೂ ಗಾಡಿ ಸ್ಟಾರ್ಟ್ ಆಗ್ಲಿಲ್ವಾ?" ಅಂತ ಹೆಂಗಸರು ನಗುತ್ತಿದ್ದರು.

ಏಳು ತಿಂಗಳು ದುಡ್ಡು ಸುರಿದೆ. ಕೆಮ್ಮಿನ ಸಿರಪ್ಪು, ಎರಡು ಕೋರ್ಸ್ ಆಂಟಿಬಯೋಟಿಕ್, ಅಲರ್ಜಿ ಮಾತ್ರೆ, ಡಬ್ಬಿಗಟ್ಟಲೆ ಪುದೀನ ಪೆಪ್ಪರ್‌ಮಿಂಟು. ಕಾಫಿ ಸಿಪ್ಪೆಯ ದೂಳು ಅಂತ ಒಬ್ಬರು ಹೇಳಿದ್ದಕ್ಕೆ ಮಾಸ್ಕ್ ಕಟ್ಟಿಕೊಂಡು ಹಾಜರಿ ಕೂಗಿದೆ, ಯಾರಿಗೂ ಕೇಳಿಸಲಿಲ್ಲ. ಎಲ್ಲ ಸೇರಿ ಐದಾರು ಸಾವಿರ ಆಗಿರಬಹುದು. ಒಬ್ಬ ಡಾಕ್ಟರು "ಗ್ಯಾಸ್ಟ್ರಿಕ್ ಇರಬಹುದು" ಅಂತ ಪ್ಯಾಂಟೊಪ್ರಜೋಲ್ ಬರೆದುಕೊಟ್ಟರು. ನನಗೆ ನಗು ಬಂತು. ಎದೆ ಉರಿ ಇಲ್ಲ, ಹುಳಿತೇಗು ಇಲ್ಲ, ಎಂಥ ಗ್ಯಾಸ್ಟ್ರಿಕ್? ತಿಂಡಿ ಆದ ಮೇಲೆ ನೆನಪಾದಾಗ ನುಂಗಿ, ಹತ್ತು ದಿನಕ್ಕೆ ಬಿಟ್ಟೆ.

ಕೊನೆಗೆ ಹಾಸನದಲ್ಲಿ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ನಾನು ಆಗ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದೆ. ಅದು ಕೇಳಿದ್ದೇ ತಡ, ಬೈದರು. ದನಿ ಮೂರ್ನಾಲ್ಕು ವಾರ ಒಡೆದೇ ಇದ್ದರೆ ಮೊದಲು ಒಳಗೆ ನೋಡಬೇಕು, ಅದರಲ್ಲೂ ಹೊಗೆಸೊಪ್ಪಿನವರು ಏಳು ತಿಂಗಳು ಕಾಯುವುದಾ ಅಂತ. ಮೂಗಿಗೆ ಮರಗಟ್ಟುವ ಸ್ಪ್ರೇ ಹೊಡೆದು ಸಣ್ಣ ಕ್ಯಾಮೆರಾ ಬಿಟ್ಟರು. ಸಾವಿರದ ಇನ್ನೂರೋ ಏನೋ ತಗೊಂಡರು. ಗಂಟು ಗಿಂಟು ಇರಲಿಲ್ಲ. ದನಿಪೆಟ್ಟಿಗೆಯ ಹಿಂಭಾಗ ಮಾತ್ರ ಕೆಂಪಗೆ ಊದಿಕೊಂಡಿತ್ತು. ಕೆಂಪಾಗಿದೆ ಅಂದ ಮಾತ್ರಕ್ಕೆ ಹೊಟ್ಟೆಯಿಂದ ಮೇಲೆ ಬರುವ ಆಸಿಡ್ಡೇ ಕಾರಣ ಅಂತ ಖಾತ್ರಿ ಇಲ್ಲ, ಆದರೆ ರಾತ್ರಿ ಊಟದ ಕಥೆ ಕೇಳಿದರೆ ಅದೇ ಅನ್ನಿಸುತ್ತದೆ, ಎರಡು ಮೂರು ತಿಂಗಳು ಅದಕ್ಕೇ ಚಿಕಿತ್ಸೆ ಮಾಡಿ ನೋಡೋಣ ಅಂದರು.

ಊಟದ ಕಥೆ ಏನು ಅಂದರೆ, ಲೆಕ್ಕ ಬರೆದು ಮುಗಿಯುವಾಗ ಒಂಬತ್ತೂವರೆ. ಕಡುಬು, ಕೋಳಿ ಸಾರು. ಹತ್ತಕ್ಕೆ ಅಡ್ಡ. ತುಂಬಿದ ಹೊಟ್ಟೆ ಮಟ್ಟಸ ಮಲಗಿದರೆ ಒಳಗಿನ ರಸ ಮೇಲೆ ಹರಿಯುತ್ತದೆ. ಅನ್ನನಾಳ ಸ್ವಲ್ಪ ತಡೆದುಕೊಳ್ಳುತ್ತದೆ, ಗಂಟಲಿಗೆ ಆ ತಾಕತ್ತಿಲ್ಲ. ಅದಕ್ಕೇ ಎದೆ ಉರಿ ಇಲ್ಲದೆಯೂ ಗಂಟಲು ಹಾಳಾಗಬಹುದು. ಇದು ನನ್ನ ತಲೆಗೆ ಹೋಗೋಕೆ ಏಳು ತಿಂಗಳು ಬೇಕಾಯಿತು.

ಡಾಕ್ಟರು ಹೇಳಿದ್ದು: ಅದೇ ಗ್ಯಾಸ್ಟ್ರಿಕ್ ಮಾತ್ರೆ, ತಿಂಡಿಗೆ ಅರ್ಧ ಮುಕ್ಕಾಲು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ. ರಾತ್ರಿ ಊಟ ಮಲಗುವ ಮೂರು ಗಂಟೆ ಮುಂಚೆ. ಊಟ ಆದ ಮೇಲೆ, ಹೊಟ್ಟೆಯಲ್ಲಿರುವುದರ ಮೇಲೆ ಪದರದ ಹಾಗೆ ತೇಲುವ ಆಲ್ಜಿನೇಟ್ ಸಿರಪ್ಪು. ಮಂಚದ ತಲೆದಿಕ್ಕು ಎತ್ತರ ಮಾಡಬೇಕು. ಮಾತ್ರೆ, ಸಿರಪ್ಪು ಸುಲಭ. ಕಷ್ಟ ಆಗಿದ್ದು ಮಂಚ.

ಮೊದಲು ಮೂರು ದಿಂಬು ಇಟ್ಟೆ. ಕತ್ತು ಹಿಡಿದುಕೊಂಡಿತು, ಜೊತೆಗೆ ಹೊಟ್ಟೆ ಮಡಚಿಕೊಂಡು ಇನ್ನೂ ಜಾಸ್ತಿ ಒತ್ತಿತು. ಏಳಬೇಕಾಗಿದ್ದು ತಲೆ ಅಲ್ಲ, ಸೊಂಟದಿಂದ ಮೇಲಿನ ಮೈ ಪೂರ್ತಿ. ಆಮೇಲೆ ಮಂಚದ ತಲೆದಿಕ್ಕಿನ ಎರಡು ಕಾಲಿಗೆ ಇಟ್ಟಿಗೆ ಕೊಟ್ಟೆ. ಮೂರನೇ ರಾತ್ರಿ ಒಂದು ಇಟ್ಟಿಗೆ ಜಾರಿ ದಡಾರ್ ಅಂತ ಬಿದ್ದೆವು. "ಗಂಟಲು ಸರಿಯಾಗೋದಿರ್ಲಿ ರೀ, ಸೊಂಟ ಉಳಿಸ್ಕೊಳ್ಳಿ" ಅಂದಳು ಹೆಂಡತಿ. ಭಾವಮೈದ ಅಂತೂ ವಾರಗಟ್ಟಲೆ ಆಡಿಕೊಂಡ.

ಕೊನೆಗೆ ತೋಟದಲ್ಲೇ ಬಿದ್ದಿದ್ದ ಸಿಲ್ವರ್ ಓಕ್ ದಿಮ್ಮಿಯಿಂದ ಎರಡು ತುಂಡು ಹಾಕಿಸಿದೆ. ಎತ್ತರ ಏಳಿಂಚು. ಮೇಲೆ ಒಂದಿಂಚು ಆಳಕ್ಕೆ ಮಂಚದ ಕಾಲು ಕೂರುವಷ್ಟು ಕುಳಿ ತೋಡಿಸಿದೆ, ಹಾಗಾಗಿ ನಿಜವಾಗಿ ಎದ್ದಿದ್ದು ಆರಿಂಚು. ಅಡಿಗೆ ಹಳೇ ಸೈಕಲ್ ಟ್ಯೂಬು ಬಡಿದೆ. ಆಚಾರಿಗೆ ಕೊಟ್ಟಿದ್ದು ಮುನ್ನೂರು. ಇವತ್ತಿಗೂ ಅಲ್ಲಾಡಿಲ್ಲ. ಇನ್ನೊಂದು ತಾಪತ್ರಯ, ಬೆಳಗಾಗುವಷ್ಟರಲ್ಲಿ ಮೈ ಕಾಲದಿಕ್ಕಿಗೆ ಜಾರಿರುತ್ತಿತ್ತು. ಅದಕ್ಕೆ ಹಾಸಿಗೆ ಕೆಳಗೆ ಒಂದು ಉಪಾಯ ಮಾಡಿದ್ದೇನೆ, ಅದು ಮನೆಗೆ ಬಂದವರಿಗೆ ಮಾತ್ರ.

ಫಲ ಗೊತ್ತಾಗಲಿ ಅಂತ ಹಾಜರಿ ಪುಸ್ತಕದ ಮೂಲೆಯಲ್ಲಿ ಪೆನ್ಸಿಲ್ ಗೀಟು ಹಾಕುತ್ತಾ ಹೋದೆ. ಹೆಸರು ಕೂಗುವಾಗ ಎಷ್ಟು ಸಲ ಕ್ಯಾಕರಿಸಿದೆ, ಅಷ್ಟು ಗೀಟು. ಶುರುವಿನಲ್ಲಿ ದಿನಕ್ಕೆ ಹದಿನಾಲ್ಕು ಹದಿನೈದು. ಮೂರು ವಾರ ಆದರೂ ಹನ್ನೆರಡರ ಕೆಳಗೆ ಇಳಿಯಲಿಲ್ಲ. ಬಹಳ ಜನ ಬಿಟ್ಟುಬಿಡುವುದು ಇಲ್ಲೇ, ನಾನೂ ಬಿಡುವುದರಲ್ಲಿದ್ದೆ. ಹೊಟ್ಟೆ ವಾರದಲ್ಲಿ ತಣ್ಣಗಾದರೂ ಊದಿದ ಗಂಟಲು ಇಳಿಯೋಕೆ ತಿಂಗಳುಗಳು ಬೇಕು. ಜೊತೆಗೆ ಕ್ಯಾಕರಿಸಿದಷ್ಟೂ ದನಿಯ ತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಊದುತ್ತವೆ, ಆ ಊತದಿಂದ ಮತ್ತೆ ಕ್ಯಾಕರಿಸಬೇಕು ಅನ್ನಿಸುತ್ತದೆ. ಸೊಂಟಕ್ಕೆ ನೀರಿನ ಬಾಟ್ಲಿ ಕಟ್ಟಿಕೊಂಡೆ. ಕ್ಯಾಕರಿಸಬೇಕು ಅನ್ನಿಸಿದಾಗ ಒಂದು ಗುಟುಕು, ಗಟ್ಟಿಯಾಗಿ ನುಂಗುವುದು. ಆರನೇ ವಾರಕ್ಕೆ ಎಂಟು ಗೀಟು, ಮೂರು ತಿಂಗಳಿಗೆ ಎರಡು.

ನಡುವೆ ಬೇರೆ ಪ್ರಯೋಗಗಳೂ ಆದವು. ಮಲಗುವಾಗ ಬಿಸಿ ಹಾಲು ಕುಡಿದರೆ ಹಿತ, ಬೆಳಿಗ್ಗೆ ಗೀಟು ಜಾಸ್ತಿ. ಶುಂಠಿ ಕಾಳುಮೆಣಸಿನ ಕಷಾಯದಲ್ಲೂ ಹಾಗೇ. ಪುದೀನ ಪೆಪ್ಪರ್‌ಮಿಂಟು ಹೊಟ್ಟೆಯ ಬಾಗಿಲನ್ನೇ ಸಡಿಲ ಮಾಡಬಹುದು ಅಂತ ಡಾಕ್ಟರು ಹೇಳಿದ ಮೇಲೆ ಡಬ್ಬಿ ಎಸೆದೆ. ಎಡಮಗ್ಗುಲಲ್ಲಿ ಮಲಗಿದರೆ ರಸ ಮೇಲೆ ಬರುವುದು ಕಡಿಮೆಯಂತೆ. ಬಲಕ್ಕೆ ಹೊರಳಬಾರದು ಅಂತ ಬನಿಯನ್ನಿನ ಬಲಪಕ್ಕೆಗೆ ಜೇಬು ಹೊಲಿಸಿ ಎರಡು ಗೋಟಡಿಕೆ ಹಾಕಿದೆ. ಒಂದು ವಾರ ಕೆಲಸ ಮಾಡಿತು, ಆಮೇಲೆ ಅಡಿಕೆ ಮೇಲೇ ಗೊರಕೆ ಹೊಡೆದೆ.

ಕಾಫಿ ಬಿಡಿ ಅಂತ ಎಲ್ಲರೂ ಹೇಳಿದರು. ಕಾಫಿ ತೋಟದವನಿಗೆ! ಹದಿನೈದು ದಿನ ಪೂರ್ತಿ ಬಿಟ್ಟೆ, ಗೀಟು ಎರಡು ಕಡಿಮೆ ಆಗಿರಬಹುದು ಅಷ್ಟೇ. ಈಗ ತಿಂಡಿ ಆದ ಮೇಲೆ ಒಂದು ಲೋಟ, ಮಧ್ಯಾಹ್ನ ಒಂದು. ಸಂಜೆಯ ಲೋಟ ಮತ್ತು ಖಾಲಿ ಹೊಟ್ಟೆಯ ಲೋಟ ಹೋಯಿತು. ಇದು ನನ್ನ ಹೊಟ್ಟೆಯ ಲೆಕ್ಕ, ನಿಮ್ಮದು ಬೇರೆ ಇರಬಹುದು. ಹೊಗೆಸೊಪ್ಪಂತೂ ಆ ಕ್ಯಾಮೆರಾದ ದಿನವೇ ಬಿಟ್ಟೆ.

ಎರಡು ತಿಂಗಳಿಗೆ ಮಾತ್ರೆಯನ್ನು ನಾನೇ ಏಕಾಏಕಿ ನಿಲ್ಲಿಸಿದೆ. ಅದುವರೆಗೆ ಇಲ್ಲದ ಎದೆ ಉರಿ ಆಗ ಬಂತು ನೋಡಿ! ಥಟ್ಟನೆ ಬಿಟ್ಟರೆ ಹೊಟ್ಟೆ ಸ್ವಲ್ಪ ದಿನ ಮೊದಲಿಗಿಂತ ಜಾಸ್ತಿ ಆಸಿಡ್ ಮಾಡುತ್ತದಂತೆ. ಡಾಕ್ಟರು ಮತ್ತೆ ಶುರು ಮಾಡಿಸಿ, ದಿನ ಬಿಟ್ಟು ದಿನ ಮಾಡಿ ನಿಧಾನಕ್ಕೆ ಬಿಡಿಸಿದರು.

ಈಗ ಮಾತ್ರೆ ಇಲ್ಲ. ಊಟ ಏಳಕ್ಕೆ, ಲೆಕ್ಕ ಊಟ ಆದ ಮೇಲೆ. ಗೀಟು ಸೊನ್ನೆ, ಇಲ್ಲ ಒಂದು. ಕಳೆದ ತಿಂಗಳು ಬೇಲೂರಲ್ಲಿ ಒಂದು ಬೀಗರ ಊಟ. ಹನ್ನೊಂದಕ್ಕೆ ಬಾಡೂಟ ಮುಗಿಸಿ ಛತ್ರದ ಚಾಪೆ ಮೇಲೆ ಮಟ್ಟಸ ಮಲಗಿದ್ದೆ. ಮಾರನೇ ದಿನ ಒಂಬತ್ತು ಗೀಟು.

ಆ ರಾತ್ರಿ ಪಕ್ಕದಲ್ಲೇ ಮಲಗಿದ್ದ ಭಾವಮೈದನೂ ಬೆಳಿಗ್ಗೆ ಕ್ಯಾಕರಿಸುತ್ತಿದ್ದ. ವಾರ ಬಿಟ್ಟು ಫೋನ್ ಮಾಡಿದ. "ಭಾವ, ಆ ದಿಮ್ಮಿ ಎಷ್ಟೆತ್ತರ ಅಂದ್ರಿ?" ಮೊದಲು ಕ್ಯಾಮೆರಾ ಬಿಡಿಸಿಕೊಂಡು ಬಾ ಅಂದೆ. ಏಳಿಂಚು, ಒಂದಿಂಚು ಕುಳಿ ಅಂತ ಅಳತೆ ಕೊಟ್ಟೆ. ಹಾಸಿಗೆ ಕೆಳಗಿನದ್ದು ಮಾತ್ರ ಹೇಳಿಲ್ಲ, ಒಂದು ವಾರ ಜಾರಲಿ.