ಅಪ್ಪನ ಕೆಲಸಕ್ಕೆ ಮದುವೆಯಾದ ಮಗಳು ಅರ್ಜಿ ಹಾಕಿದ್ದು: ನನ್ನ ಅನುಭವ

ಅಪ್ಪ ರಾಜ್ಯ ಸರ್ಕಾರಿ ನೌಕರರು. 2022ರಲ್ಲಿ ಸೇವೆಯಲ್ಲಿರುವಾಗಲೇ ತೀರಿಕೊಂಡರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು, ತಮ್ಮ ಇನ್ನೂ ಓದುತ್ತಿದ್ದ. ಗಂಡ ನನ್ನನ್ನು ಬಿಟ್ಟು ಹೋಗಿ ವರ್ಷಗಳಾಗಿದ್ದವು. ವಿಚ್ಛೇದನ ಮಾತ್ರ ಆಗಿರಲಿಲ್ಲ. ನಾನೂ ನನ್ನ ಮಗಳೂ ಅಪ್ಪನ ಮನೆಯಲ್ಲೇ ಇದ್ದೆವು.

ಅನುಕಂಪದ ಆಧಾರದ ನೌಕರಿ ಕೇಳಲು ಹೋದಾಗ ಕಚೇರಿಯಲ್ಲಿ ಮೊದಲು ಬಂದ ಮಾತು, "ಮದುವೆಯಾದ ಮಗಳಿಗೆ ಬರಲ್ಲಮ್ಮಾ, ತಮ್ಮನ ಹೆಸರಲ್ಲಿ ಹಾಕಿ." ಅದು ಹಳೇ ಕಾಲದ ಮಾತು. 1996ರ ಕರ್ನಾಟಕ ನಿಯಮಗಳಲ್ಲಿ ಅವಿವಾಹಿತ ಅಥವಾ ವಿಧವೆ ಮಗಳು ಅಂತ ಇತ್ತು ನಿಜ. ಮಗನಿಗೆ ಮದುವೆಯಾದರೂ ಅಡ್ಡಿ ಇರಲಿಲ್ಲ. ಈ ತಾರತಮ್ಯ ಸರಿಯಲ್ಲ ಅಂತ 2020ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. 2021ರಲ್ಲಿ ಸರ್ಕಾರ ನಿಯಮವನ್ನೇ ತಿದ್ದಿತು. ತಿದ್ದುಪಡಿಯ ಪ್ರತಿಯನ್ನು ಅರ್ಜಿಯ ಜೊತೆಗೇ ಪಿನ್ ಮಾಡಿದೆ. ಆಮೇಲೆ ಆ ಮಾತು ಬರಲಿಲ್ಲ.

ಆದರೆ ಮಗಳು ಅನ್ನುವುದಷ್ಟೇ ಸಾಲದು. ತೀರಿಕೊಂಡವರ ಮೇಲೆ ಅವಲಂಬಿತಳಾಗಿದ್ದಳು, ಅವರ ಜೊತೆಗೇ ವಾಸವಿದ್ದಳು ಅನ್ನುವ ಎರಡೂ ಸಾಬೀತಾಗಬೇಕು. ಅದೂ ಸಾವಿನ ದಿನದ ಸ್ಥಿತಿ ನೋಡುತ್ತಾರೆ, ಅರ್ಜಿ ಹಾಕಿದ ದಿನದ್ದಲ್ಲ. ಮಂಡ್ಯದ ಖಜಾನೆ ನೌಕರರೊಬ್ಬರ ಮಗಳ ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಾಯಿ ತೀರಿಕೊಂಡಿದ್ದು 2012ರಲ್ಲಿ, ಮಗಳಿಗೆ ವಿಚ್ಛೇದನದ ಡಿಕ್ರಿ ಸಿಕ್ಕಿದ್ದು 2013ರಲ್ಲಿ. ಸಾವಿನ ದಿನ ಆಕೆ ವಿಚ್ಛೇದಿತೆ ಆಗಿರಲಿಲ್ಲ, ತಾಯಿಯ ಅವಲಂಬಿತೆಯೂ ಅಲ್ಲ ಅಂತ ನೌಕರಿ ಸಿಗಲಿಲ್ಲ. "ಬೇಗ ಡೈವೋರ್ಸ್ ತಗೊಂಡುಬಿಡು" ಅಂತ ನೆಂಟರು ನನಗೂ ಹೇಳುತ್ತಿದ್ದರು. ಅದನ್ನು ಓದಿದ ಮೇಲೆ ಆ ದಾರಿ ಬಿಟ್ಟೆ.

ಅದಕ್ಕೇ ಅಪ್ಪ ಬದುಕಿದ್ದಾಗಿನ ತಾರೀಖು ಇರುವ ಕಾಗದಗಳನ್ನೇ ಹುಡುಕಿದೆ. ಅಪ್ಪನ ರೇಷನ್ ಕಾರ್ಡಿನಲ್ಲಿ ನನ್ನ ಮತ್ತು ಮಗಳ ಹೆಸರು ಇತ್ತು. ಮಗಳ ಶಾಲೆಯ ದಾಖಲಾತಿಯಲ್ಲಿ ಅದೇ ವಿಳಾಸ ಇತ್ತು. ಅಪ್ಪನ ಖಾತೆಯಿಂದ ಶಾಲಾ ಶುಲ್ಕ ಕಟ್ಟಿದ್ದು ಪಾಸ್‌ಬುಕ್ಕಿನಲ್ಲಿತ್ತು. ಇವುಗಳಲ್ಲಿ ಪಾಸ್‌ಬುಕ್ಕೇ ಗಟ್ಟಿ ಸಾಕ್ಷಿ ಅಂತ ನನ್ನ ಅನಿಸಿಕೆ. ವಿಳಾಸ ಯಾರು ಬೇಕಾದರೂ ಬರೆಸಬಹುದು, ದುಡ್ಡು ಯಾರದು ಅಂತ ತೋರಿಸುವುದು ಕಷ್ಟ, ಅಲ್ವಾ? ಸಾವಿನ ನಂತರ ಮಾಡಿಸಿದ ಅಫಿಡವಿಟ್ಟಿಗೆ ಅಷ್ಟು ತೂಕ ಇರಲ್ಲ. ಗ್ರಾಮ ಲೆಕ್ಕಾಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದವರನ್ನು ವಿಚಾರಿಸಿ ವರದಿ ಕೊಟ್ಟರು. ಗಂಡನ ಆದಾಯ ಎಷ್ಟು ಅಂತಲೂ ಕೇಳಿದರು. ಆತ ಏನೂ ಕೊಡುತ್ತಿಲ್ಲ ಅಂತ ಬರೆದುಕೊಟ್ಟೆ.

ಇನ್ನೊಂದು ವಿಷಯ ಸರದಿ. ಗಂಡಸು ನೌಕರ ತೀರಿಕೊಂಡರೆ ಮೊದಲು ಹೆಂಡತಿ. ಆಕೆಗೆ ಅರ್ಹತೆ ಇಲ್ಲದಿದ್ದರೆ ಅಥವಾ ಮನಸ್ಸಿಲ್ಲದಿದ್ದರೆ ಮಕ್ಕಳು. ಅಮ್ಮನೂ ತಮ್ಮನೂ ತಮ್ಮ ಆಕ್ಷೇಪವಿಲ್ಲ ಅಂತ ಛಾಪಾ ಕಾಗದದಲ್ಲಿ ಬರೆದುಕೊಟ್ಟರು. ಅವರಿಬ್ಬರನ್ನೂ ನೋಡಿಕೊಳ್ಳುತ್ತೇನೆ ಅಂತ ನಾನೂ ಬರೆದುಕೊಟ್ಟೆ. ಇದು ಸುಮ್ನೆ ಶಾಸ್ತ್ರಕ್ಕೆ ಅಂತ ಅಂದುಕೊಳ್ಳಬೇಡಿ. ಒಬ್ಬರು ಒಪ್ಪದಿದ್ದರೂ ಕಡತ ಅಲ್ಲೇ ನಿಲ್ಲುತ್ತದೆ.

ತಮ್ಮನ ಓದು ಮುಗಿಯಲಿ, ಆಮೇಲೆ ಹಾಕೋಣ ಅನ್ನುವ ಮಾತೂ ಮನೆಯಲ್ಲಿ ಬಂತು. ಅದಕ್ಕೆ ಗಡುವು ಬಿಡುವುದಿಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಮಗು ದೊಡ್ಡದಾಗುವವರೆಗೆ ಹುದ್ದೆಯನ್ನು ಕಾದಿರಿಸಲು ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಈ ನೌಕರಿ ಹಕ್ಕಲ್ಲ, ದುಡಿಯುವವರು ಹೋದಾಗ ಬೀಳುವ ತಕ್ಷಣದ ಹೊಡೆತಕ್ಕೆ ಆಸರೆ ಅಂತ 1994ರ ತೀರ್ಪು ಇದೆ. ಐದಾರು ವರ್ಷ ಹೇಗೋ ಬದುಕಿದ ಕುಟುಂಬಕ್ಕೆ ಆ ಕಷ್ಟ ಈಗ ಇಲ್ಲ ಅಂತ ಕೋರ್ಟಿನ ತರ್ಕ. ಕೇಳಲು ಕಠಿಣ. ಆದರೆ ನಿಯಮ ನಿಂತಿರುವುದು ಅದರ ಮೇಲೆ.

ಅರ್ಜಿ ಕೊಟ್ಟಿದ್ದು ಅಪ್ಪನ ಕಚೇರಿಯ ಮುಖ್ಯಸ್ಥರಿಗೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು ಜೊತೆಗಿದ್ದವು. ಟಪಾಲು ವಿಭಾಗದಲ್ಲಿ ಸೀಲು, ತಾರೀಖು, ಆವಕ ಸಂಖ್ಯೆ ಹಾಕಿಸಿದ ಒಂದು ಪ್ರತಿ ಇಟ್ಟುಕೊಂಡೆ. ಮುಂದೆ ಕಡತ ತಡವಾದರೂ ಅರ್ಜಿ ಸಮಯಕ್ಕೆ ಹೋಗಿದೆ ಅಂತ ತೋರಿಸಲು ಅದೇ ಆಧಾರ.

ಕೊನೆಗೆ ಬಂದಿದ್ದು ದ್ವಿತೀಯ ದರ್ಜೆ ಸಹಾಯಕರ ಹುದ್ದೆ. ನಾನು ಬಿ.ಕಾಂ. ಓದಿದವಳು, ಪ್ರಥಮ ದರ್ಜೆಗೆ ಕಾಯಿ ಅಂತ ಕೆಲವರು ಹೇಳಿದರು. ಸಿಗುವುದು ಸಿ ಮತ್ತು ಡಿ ಗುಂಪಿನ ಹುದ್ದೆ ಮಾತ್ರ. ಡಿಗ್ರಿ ಇದ್ದ ಮಾತ್ರಕ್ಕೆ ಇಂಥದ್ದೇ ಹುದ್ದೆ ಕೊಡಿ ಅಂತ ಹಠ ಹಿಡಿಯಲು ಆಗುವುದಿಲ್ಲ. ಒಂದು ಸಲ ಒಪ್ಪಿಕೊಂಡರೆ ಅಲ್ಲಿಗೆ ಆ ಅವಕಾಶ ಮುಗಿಯಿತು, ಮೇಲಿನ ಹುದ್ದೆಯನ್ನು ಮತ್ತೆ ಅನುಕಂಪದಲ್ಲಿ ಕೇಳುವಂತಿಲ್ಲ. ಇದು ಗೊತ್ತಿದ್ದೇ ನಾನು ಒಪ್ಪಿಕೊಂಡೆ. ಆ ತಿಂಗಳು ಮನೆಗೆ ಸಂಬಳ ಬೇಕಿತ್ತು, ಬಡ್ತಿಯನ್ನು ಸೇವೆಯಲ್ಲಿದ್ದುಕೊಂಡೂ ಪಡೆಯಬಹುದು.